ತೂಕ 720 ಗ್ರಾಂ, ಬಿಲ್ ಒಂದೂವರೆ ಕಿಲೊಗೆ: ಪಾರ್ಸೆಲಿನ ಅಳತೆಯನ್ನು ನಮೂದಿಸುವ ಬಗೆ

ಚನ್ನಪಟ್ಟಣದ ಮರದ ಆಟಿಕೆಗಳಲ್ಲಿ ಮಕ್ಕಳ ಅಡುಗೆ ಸೆಟ್ಟಿಗೆ ಎಂದಿನಿಂದಲೂ ಬೇಡಿಕೆಯಿದೆ. ಅರಗಿನ ಬಣ್ಣ ಕೊಟ್ಟ ಪುಟ್ಟ ಪಾತ್ರೆ, ಒಲೆ, ಒರಳು, ಸೌಟುಗಳೆಲ್ಲ ಸೇರಿದ ಒಂದು ಸಾಧಾರಣ ಸೆಟ್ಟು 420 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳೋಣ. ಅದನ್ನು ಆನ್‌ಲೈನಿನಲ್ಲಿ ಮಾರುವವರು ಕೊರಿಯರ್ ಪ್ಯಾನೆಲ್ಲಿನ ತೂಕದ ಜಾಗದಲ್ಲಿ 0.42 ಕಿಲೊ ಎಂದು ಬರೆದು, ಉದ್ದ, ಅಗಲ, ಎತ್ತರಗಳ ಜಾಗದಲ್ಲಿ ಮೊದಲೇ ತುಂಬಿಕೊಂಡಿದ್ದ 10, 10, 10 ಎಂಬ ಅಂಕೆಗಳನ್ನು ಹಾಗೆಯೇ ಬಿಟ್ಟು ಪಾರ್ಸೆಲ್ ಕಳುಹಿಸುತ್ತಾರೆ. ಅರ್ಧ ಕಿಲೊದ ದರ ಕಾಣಿಸುತ್ತದೆ, ಅಷ್ಟನ್ನೇ ಗ್ರಾಹಕರಿಂದ ಸಾಗಣೆ ವೆಚ್ಚವಾಗಿ ಪಡೆಯುತ್ತಾರೆ. ಕೆಲವು ದಿನಗಳ ಬಳಿಕ ಅದೇ ಪಾರ್ಸೆಲಿಗೆ ಒಂದೂವರೆ ಕಿಲೊದ ದರ ಹಾಕಿ, ವ್ಯತ್ಯಾಸದ ಹಣವನ್ನು ಅವರ ಖಾತೆಯಿಂದ ಮುರಿದುಕೊಂಡಿರುವುದು ಗೊತ್ತಾಗುತ್ತದೆ. ಇದನ್ನು ಕಂಡವರೆಲ್ಲ ಮೊದಲು ಹೇಳುವ ಮಾತು ಒಂದೇ: ಕೊರಿಯರಿನವರ ತಕ್ಕಡಿ ಸರಿಯಿಲ್ಲ. ಆದರೆ ಬಹುಪಾಲು ಇಂಥ ಪ್ರಕರಣಗಳಲ್ಲಿ ತಕ್ಕಡಿಯ ತಪ್ಪು ಏನೂ ಇರುವುದಿಲ್ಲ. ಬಿಲ್ ಆಗಿರುವುದು ತೂಕಕ್ಕಲ್ಲ, ಪೆಟ್ಟಿಗೆ ಹಿಡಿದ ಜಾಗಕ್ಕೆ.

ಒಂದು ಲಾರಿಗೆ ಬೆಲ್ಲದ ಪೆಂಟೆಗಳನ್ನು ಹೇರಿದರೆ ಜಾಗ ಇನ್ನೂ ಉಳಿದಿರುವಾಗಲೇ ತೂಕದ ಮಿತಿ ಮುಗಿಯುತ್ತದೆ; ಮಂಡಕ್ಕಿಯ ಚೀಲಗಳನ್ನು ಹೇರಿದರೆ ತೂಕವೇ ಆಗದೆ ಜಾಗ ಮುಗಿಯುತ್ತದೆ. ತೂಕಕ್ಕೆ ಮಾತ್ರ ಬಾಡಿಗೆ ಪಡೆದರೆ ಮಂಡಕ್ಕಿ ಸಾಗಿಸುವವರಿಗೆ ನಷ್ಟ. ಆದ್ದರಿಂದ ಸಾಗಣೆಯವರು ಜಾಗವನ್ನೂ ಕಿಲೊಗಳಲ್ಲಿ ಎಣಿಸುವ ಒಂದು ಸೂತ್ರವನ್ನು ಇಟ್ಟುಕೊಂಡಿದ್ದಾರೆ. ಹಾಗೆ ಬರುವ ತೂಕಕ್ಕೆ ವಾಲ್ಯೂಮೆಟ್ರಿಕ್ ತೂಕ ಎಂದು ಹೆಸರು. ಇಲ್ಲಿ ಅದನ್ನು ಗಾತ್ರತೂಕ ಎಂದು ಕರೆಯುತ್ತೇನೆ. ನಮ್ಮ ದೇಶದ ಒಳಗಿನ ಕೊರಿಯರ್ ಸೇವೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸೂತ್ರ ಹೀಗಿದೆ:

```
ಗಾತ್ರತೂಕ (kg) = ಉದ್ದ × ಅಗಲ × ಎತ್ತರ (cm) ÷ 5000
```

ಇದರ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಸುಲಭ. 1000 ಘನ ಸೆಂಟಿಮೀಟರ್ ಎಂದರೆ ಒಂದು ಲೀಟರ್. ಹಾಗಾಗಿ ಪೆಟ್ಟಿಗೆ ಹಿಡಿಯುವ ಪ್ರತಿ ಐದು ಲೀಟರ್ ಜಾಗವನ್ನು ಒಂದು ಕಿಲೊ ಎಂದು ಎಣಿಸಲಾಗುತ್ತದೆ. ಕಟ್ಟಿದ ಪಾರ್ಸೆಲು ಲೀಟರಿಗೆ 200 ಗ್ರಾಮಿಗಿಂತ ಹಗುರವಾಗಿದ್ದರೆ ಗಾತ್ರತೂಕವೇ ಮೇಲಾಗುತ್ತದೆ. ಅದಕ್ಕಿಂತ ಭಾರವಾಗಿದ್ದರೆ ತಕ್ಕಡಿಯ ತೂಕ ಮೇಲಾಗುತ್ತದೆ. ಕಾಫಿಪುಡಿ, ಉಪ್ಪಿನಕಾಯಿ, ಪುಸ್ತಕ ಕಳುಹಿಸುವವರಿಗೆ ಈ ಲೆಕ್ಕ ಅಷ್ಟಾಗಿ ತಟ್ಟುವುದಿಲ್ಲ. ಆಟಿಕೆ, ಬುಟ್ಟಿ, ದಿಂಬು, ದೀಪದ ಬುರುಡೆ, ಒಳಗೆ ಟೊಳ್ಳಿರುವ ಕರಕುಶಲ ವಸ್ತು ಕಳುಹಿಸುವವರು ಹೆಚ್ಚುಕಡಿಮೆ ಯಾವಾಗಲೂ ಜಾಗಕ್ಕೇ ಹಣ ಕೊಡುತ್ತಿರುತ್ತಾರೆ.

ತಕ್ಕಡಿಯ ತೂಕ, ಗಾತ್ರತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ತೆಗೆದುಕೊಂಡು, ಅದನ್ನು ಮುಂದಿನ ಸ್ಲ್ಯಾಬಿಗೆ ಏರಿಸಿ ಬಿಲ್ ಮಾಡುತ್ತಾರೆ. ಸಣ್ಣ ಪಾರ್ಸೆಲುಗಳಲ್ಲಿ ಸ್ಲ್ಯಾಬು ಸಾಮಾನ್ಯವಾಗಿ ಅರ್ಧ ಕಿಲೊದ್ದು. 1.01 ಕಿಲೊ ಬಂದರೂ 1.5 ಕಿಲೊದ ದರವೇ. ಸೋಲು ಗೆಲುವುಗಳೆಲ್ಲ ಈ ಗಡಿಗಳ ಅಕ್ಕಪಕ್ಕದಲ್ಲಿ ನಡೆಯುವುದರಿಂದ, ಅಳತೆಯಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಏನಾದೀತು ಎಂದು ಸುಮ್ಮನಿರುವಂತಿಲ್ಲ.

ಈಗ ಅಡುಗೆ ಸೆಟ್ಟಿಗೆ ಬರೋಣ. ಆಟಿಕೆ 420 ಗ್ರಾಂ. ಅದನ್ನಿಟ್ಟ ಬಣ್ಣದ ಪ್ರದರ್ಶನ ಪೆಟ್ಟಿಗೆ 110 ಗ್ರಾಂ, ಹೊರಗಿನ ರಟ್ಟಿನ ಪೆಟ್ಟಿಗೆ 160 ಗ್ರಾಂ, ಬಬಲ್ ಹಾಳೆ, ಟೇಪು, ಬಿಲ್ಲು, ಲೇಬಲ್ಲು ಎಲ್ಲ ಸೇರಿ 30 ಗ್ರಾಂ. ಅಲ್ಲಿಗೆ ಕಟ್ಟಿದ ಪಾರ್ಸೆಲಿನ ತೂಕ 720 ಗ್ರಾಂ. ಜಾಗದ ಲೆಕ್ಕವನ್ನು ಎತ್ತುವ ಮೊದಲೇ ಅರ್ಧ ಕಿಲೊದ ಸ್ಲ್ಯಾಬು ಕೈಬಿಟ್ಟುಹೋಗಿದೆ. ನಮೂದಿಸಬೇಕಾದದ್ದು ವಸ್ತುವಿನ ತೂಕವಲ್ಲ, ಲೇಬಲ್ ಅಂಟಿಸಿ ಕೊಡಲು ಸಿದ್ಧವಾದ ಪಾರ್ಸೆಲಿನ ತೂಕ. ಮೊದಲ ತಪ್ಪು ಆಗುವುದು ಇಲ್ಲಿ, ಮತ್ತು ಇದಕ್ಕೆ ಒಂದು ಕಾರಣವೂ ಇದೆ: ಅಂಗಡಿಯ ತಂತ್ರಾಂಶದಲ್ಲಿ ವಸ್ತುವಿನ ವಿವರ ತುಂಬುವಾಗ ಕೇಳುವ ತೂಕವನ್ನೇ ಎಷ್ಟೋ ಕಡೆ ಕೊರಿಯರ್ ಪ್ಯಾನೆಲ್ಲು ತಾನಾಗಿ ಎಳೆದುಕೊಳ್ಳುತ್ತದೆ. ಗ್ರಾಹಕರು ಓದಲೆಂದು ಬರೆದ ಅಂಕೆಯು ಸಾಗಣೆಯ ಅಂಕೆಯಾಗಿಬಿಡುತ್ತದೆ. ಗ್ರಾಹಕರಿಗೆ ಆಟಿಕೆಯ ತೂಕವನ್ನು ತಿಳಿಸಬೇಕೆನಿಸಿದರೆ ವಿವರಣೆಯ ಸಾಲಿನಲ್ಲಿ ತಿಳಿಸಿ, ಸಾಗಣೆಯ ಜಾಗದಲ್ಲಿ ಪಾರ್ಸೆಲಿನ ತೂಕವನ್ನೇ ಬರೆಯುವುದು ಕ್ಷೇಮ.

ಎರಡನೆಯ ತಪ್ಪು ಇನ್ನಷ್ಟು ಸೂಕ್ಷ್ಮವಾದದ್ದು. ಎಚ್ಚರದಿಂದ ಅಳೆಯುವವರೂ ಇದರಲ್ಲಿ ಸಿಕ್ಕಿಬೀಳುವುದನ್ನು ಕಂಡಿದ್ದೇನೆ. ನಮ್ಮ ಪ್ರದರ್ಶನ ಪೆಟ್ಟಿಗೆಯ ಅಳತೆ 22 × 16 × 9 ಸೆಂಟಿಮೀಟರ್. ಸುತ್ತಲೂ ಒಂದೊಂದು ಸೆಂಟಿಮೀಟರ್ ಬಬಲ್ ಹಾಳೆಗೆ ಬಿಟ್ಟು, ಮಾರಾಟಗಾರರು 24 × 18 × 11 ಅಳತೆಯ ಮೂರು ಪದರದ ರಟ್ಟಿನ ಪೆಟ್ಟಿಗೆಯನ್ನು ತರಿಸುತ್ತಾರೆ. ಅದೇ ಅಂಕೆಗಳನ್ನು ಸೂತ್ರಕ್ಕೆ ಹಾಕಿದರೆ 4752 ಘನ ಸೆಂಟಿಮೀಟರ್, ಅಂದರೆ 0.95 ಕಿಲೊ. ಒಂದು ಕಿಲೊದ ಸ್ಲ್ಯಾಬಿನಲ್ಲೇ ಇದ್ದೇವೆ ಎಂಬ ನೆಮ್ಮದಿ ಮೂಡುತ್ತದೆ. ಆದರೆ ಪೆಟ್ಟಿಗೆ ತಯಾರಿಸುವವರು ಹೇಳುವ ಅಳತೆ ಸಾಮಾನ್ಯವಾಗಿ ಒಳ ಅಳತೆ, ಏಕೆಂದರೆ ಕೊಳ್ಳುವವರಿಗೆ ಬೇಕಾದದ್ದು ತಮ್ಮ ವಸ್ತು ಒಳಗೆ ಹಿಡಿಸುತ್ತದೆಯೇ ಎಂಬುದು. ಕೊರಿಯರಿನವರು ಅಳೆಯುವುದು ಹೊರಗಿನಿಂದ.

ಮೂರು ಪದರದ ರಟ್ಟು ಸುಮಾರು 3 ಮಿಲಿಮೀಟರ್ ದಪ್ಪ ಇರುತ್ತದೆ. ಉದ್ದ ಮತ್ತು ಅಗಲಗಳಿಗೆ ಎರಡು ಗೋಡೆಗಳು ಸೇರಿ 6 ಮಿಲಿಮೀಟರ್ ಕೂಡುತ್ತದೆ. ಎತ್ತರದ ಲೆಕ್ಕ ಬೇರೆ: ಮೇಲೆ ಎರಡು ಮಡಿಕೆಗಳು ಒಂದರ ಮೇಲೊಂದು ಕೂರುತ್ತವೆ, ಕೆಳಗೂ ಹಾಗೆಯೇ. ಒಟ್ಟು ನಾಲ್ಕು ರಟ್ಟಿನ ದಪ್ಪ, 12 ಮಿಲಿಮೀಟರ್. ಆದ್ದರಿಂದ ಹೊರ ಅಳತೆ 24.6 × 18.6 × 12.2 ಆಗುತ್ತದೆ. ಗುಣಿಸಿ 5000ದಿಂದ ಭಾಗಿಸಿದರೆ ಸುಮಾರು 1.12 ಕಿಲೊ. ಒಳಗಿರುವ ವಸ್ತು ಒಂದಿಷ್ಟೂ ಬದಲಾಗದೆ, ರಟ್ಟಿನ ದಪ್ಪವೊಂದೇ ಪಾರ್ಸೆಲನ್ನು 1 ಕಿಲೊದ ಸ್ಲ್ಯಾಬಿನಿಂದ 1.5 ಕಿಲೊದ ಸ್ಲ್ಯಾಬಿಗೆ ದಾಟಿಸಿತು. ಐದು ಪದರದ ರಟ್ಟಾದರೆ ಇದು ಇನ್ನೂ ಹೆಚ್ಚು.

ಇದರ ಮೇಲೆ ಇನ್ನೆರಡು ಸಂಗತಿಗಳಿವೆ. ಹಲವು ಕೊರಿಯರ್ ಸೇವೆಗಳು ಪ್ರತಿ ಬದಿಯ ಅಳತೆಯನ್ನೂ ಮುಂದಿನ ಪೂರ್ಣ ಸೆಂಟಿಮೀಟರಿಗೆ ಏರಿಸುತ್ತವೆ. ಆಗ ಅದು 25 × 19 × 13, ಎಂದರೆ 1.235 ಕಿಲೊ. ಮತ್ತು ಪೆಟ್ಟಿಗೆಯನ್ನು ತುಂಬಿ ಒತ್ತಿ ಟೇಪು ಹಾಕಿದಾಗ ಮೇಲ್ಭಾಗ ಉಬ್ಬುತ್ತದೆ. ಪೆಟ್ಟಿಗೆಯ ಅಂಚಿನಲ್ಲಿ ಟೇಪು ಹಿಡಿದು ಅಳೆದವರಿಗೆ ಆ ಉಬ್ಬು ಕಾಣುವುದಿಲ್ಲ. ದೊಡ್ಡ ವಿಂಗಡಣಾ ಕೇಂದ್ರಗಳಲ್ಲಿ ಪಾರ್ಸೆಲುಗಳು ಬೆಲ್ಟಿನ ಮೇಲೆ ಸಾಗುತ್ತಿರುವಾಗಲೇ ಲೇಸರ್ ಅಥವಾ ಕ್ಯಾಮೆರಾ ಇರುವ ಯಂತ್ರವೊಂದು ತೂಕ, ಅಳತೆ, ಫೋಟೊ ಮೂರನ್ನೂ ಒಟ್ಟಿಗೆ ದಾಖಲಿಸುತ್ತದೆ. ಪಾರ್ಸೆಲು ಪೂರ್ತಿಯಾಗಿ ಒಳಗೆ ಕೂರುವಂಥ ಅತಿ ಚಿಕ್ಕ ಆಯತಾಕಾರದ ಪೆಟ್ಟಿಗೆ ಯಾವುದೋ ಅದರ ಅಳತೆಯನ್ನು ಅದು ತೆಗೆದುಕೊಳ್ಳುತ್ತದೆ. ಆದ್ದರಿಂದ ಉಬ್ಬಿನ ತುದಿ, ಹೊರಗೆ ಚಾಚಿದ ಪ್ಲಾಸ್ಟಿಕ್ ಕವರಿನ ಕಿವಿ, ಸರಿಯಾಗಿ ಅಂಟದೆ ಎದ್ದುನಿಂತ ಮಡಿಕೆ, ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಕೊಳವೆಯಂಥ ಉರುಟು ಪಾರ್ಸೆಲಿಗೂ ಇದೇ ನ್ಯಾಯ: 60 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ವ್ಯಾಸದ ಕೊಳವೆಯನ್ನು 60 × 10 × 10 ಎಂದೇ ಎಣಿಸುತ್ತಾರೆ.

ಹಾಗಾಗಿ ಯಂತ್ರ ಅಳೆಯುವಂತೆಯೇ ನಾವೂ ಅಳೆಯಬೇಕು. ಟೇಪು ಹಾಕಿ ಮುಗಿದ ಪಾರ್ಸೆಲನ್ನು ಸಮತಟ್ಟಾದ ಮೇಜಿನ ಮೇಲೆ, ಗೋಡೆಗೆ ತಾಗಿಸಿ ಇಡಿ. ಎದುರು ಬದಿಗೆ ಒಂದು ಗಟ್ಟಿ ಪುಸ್ತಕವನ್ನೋ ಹಲಗೆಯನ್ನೋ ನೇರವಾಗಿ ನಿಲ್ಲಿಸಿ ಪಾರ್ಸೆಲಿಗೆ ತಾಗಿಸಿ, ಗೋಡೆಗೂ ಹಲಗೆಗೂ ನಡುವಿನ ದೂರವನ್ನು ಅಳೆಯಿರಿ. ಎತ್ತರಕ್ಕೆ ಹಲಗೆಯನ್ನು ಪಾರ್ಸೆಲಿನ ಮೇಲೆ ಒತ್ತದೆ ಅಡ್ಡಲಾಗಿ ಇಟ್ಟು, ಮೇಜಿನಿಂದ ಹಲಗೆಯ ತಳದವರೆಗೆ ಅಳೆಯಿರಿ. ಹೀಗೆ ಅಳೆದಾಗ ಉಬ್ಬು ತಾನಾಗಿ ಲೆಕ್ಕಕ್ಕೆ ಬರುತ್ತದೆ. ಬಂದ ಪ್ರತಿ ಅಂಕೆಯನ್ನೂ ಮುಂದಿನ ಪೂರ್ಣ ಸೆಂಟಿಮೀಟರಿಗೆ ಏರಿಸಿ ನಮೂದಿಸಿ. ಉದ್ದ ಯಾವುದು, ಅಗಲ ಯಾವುದು ಎಂಬ ಗೊಂದಲದಿಂದ ಹಾನಿಯಿಲ್ಲ; ಗುಣಾಕಾರದಲ್ಲಿ ಯಾವುದು ಮೊದಲು ಬಂದರೂ ಮೊತ್ತ ಒಂದೇ.

ಹಾನಿ ಮಾಡುವುದು ಅಳತೆಯ ಮಾನದ ಗೊಂದಲ. ದರ್ಜಿಯ ಟೇಪಿನ ಒಂದು ಮುಖ ಇಂಚು, ಇನ್ನೊಂದು ಮುಖ ಸೆಂಟಿಮೀಟರ್. ಪೆಟ್ಟಿಗೆಯ ಅಂಗಡಿಗಳಲ್ಲಿ ಮಾತೆಲ್ಲ ಇಂಚಿನಲ್ಲೇ ನಡೆಯುತ್ತದೆ. 10, 8, 5 ಎಂಬ ಇಂಚಿನ ಅಂಕೆಗಳನ್ನು ಸೆಂಟಿಮೀಟರಿನ ಜಾಗದಲ್ಲಿ ಬರೆದರೆ ಗಾತ್ರತೂಕ 80 ಗ್ರಾಂ ಎಂದು ತೋರುತ್ತದೆ. ನಿಜವಾದ ಗಾತ್ರತೂಕ 1.3 ಕಿಲೊ. ಒಂದು ಘನ ಇಂಚಿನಲ್ಲಿ ಸುಮಾರು 16.4 ಘನ ಸೆಂಟಿಮೀಟರ್ ಇರುವುದರಿಂದ ತಪ್ಪು ಹದಿನಾರು ಪಟ್ಟಾಗುತ್ತದೆ. ಇಂಚಿನಲ್ಲೇ ಅಳೆಯುವ ರೂಢಿಯಿದ್ದವರು ಪ್ರತಿ ಅಂಕೆಯನ್ನೂ 2.54ರಿಂದ ಗುಣಿಸಿಕೊಂಡು ಬರೆಯಬೇಕು. ತೂಕದ ಜಾಗದಲ್ಲಿಯೂ ಅಷ್ಟೇ: ಅಲ್ಲಿ ಕೇಳುತ್ತಿರುವುದು ಕಿಲೊವೋ ಗ್ರಾಮೋ ಎಂದು ನೋಡಿ ಬರೆಯಬೇಕು. 720 ಗ್ರಾಮನ್ನು ಕಿಲೊದಲ್ಲಿ ಬರೆದರೆ 0.72, ಅವಸರದಲ್ಲಿ 0.072 ಎಂದು ಬರೆದುಬಿಡುವವರು ಇದ್ದಾರೆ.

ಲೆಕ್ಕವನ್ನು ಹಣಕ್ಕೆ ತಂದು ನೋಡೋಣ. ದರಪಟ್ಟಿ ಊರು, ದೂರ, ಒಪ್ಪಂದಗಳಿಗೆ ತಕ್ಕಂತೆ ಬೇರೆಯಾಗುತ್ತದೆ. ಇಲ್ಲಿ ಉದಾಹರಣೆಗೆಂದು ಮೊದಲ ಅರ್ಧ ಕಿಲೊಗೆ 45 ರೂಪಾಯಿ, ಆಮೇಲಿನ ಪ್ರತಿ ಅರ್ಧ ಕಿಲೊಗೆ 38 ರೂಪಾಯಿ, ಇದರ ಮೇಲೆ 18% ಜಿಎಸ್‌ಟಿ ಎಂದಿಟ್ಟುಕೊಳ್ಳೋಣ. ಮಾರಾಟಗಾರರು ಎಣಿಸಿದ್ದು ಅರ್ಧ ಕಿಲೊ: 45 ರೂಪಾಯಿ, ತೆರಿಗೆ ಸೇರಿ 53.10. ಬಿಲ್ ಆದದ್ದು ಒಂದೂವರೆ ಕಿಲೊಗೆ: 121 ರೂಪಾಯಿ, ತೆರಿಗೆ ಸೇರಿ 142.78. ಒಂದು ಪಾರ್ಸೆಲಿಗೆ 89.68 ರೂಪಾಯಿ ಕೈಯಿಂದ ಹೋಯಿತು. ತಿಂಗಳಿಗೆ 60 ಪಾರ್ಸೆಲು ಕಳುಹಿಸುವ ಸಣ್ಣ ಕುಟುಂಬಕ್ಕೆ ಇದು 5380 ರೂಪಾಯಿಗೂ ಮೇಲೆ. ಗ್ರಾಹಕರು ಪಾರ್ಸೆಲು ತೆಗೆದುಕೊಳ್ಳದೆ ಅದು ಹಿಂದಿರುಗಿದರೆ, ಹಿಂದಿರುಗುವ ದಾರಿಯ ಶುಲ್ಕವೂ ಇದೇ ಒಂದೂವರೆ ಕಿಲೊದ ಲೆಕ್ಕದಲ್ಲಿ ಬೀಳುತ್ತದೆ. ನಗದು ಪಾವತಿಯ ಆರ್ಡರುಗಳು ಹೆಚ್ಚಿರುವ ಕಡೆ ಇದನ್ನು ಮರೆಯುವಂತಿಲ್ಲ.

ಸರಿಯಾಗಿ ನಮೂದಿಸುವುದರಿಂದ ಬಿಲ್ ಕಡಿಮೆಯಾಗುವುದಿಲ್ಲ, ಬಿಲ್ ಎಷ್ಟು ಬರುತ್ತದೆಂದು ಮುಂಚೆಯೇ ತಿಳಿಯುತ್ತದೆ. ಹಾಗೆ ತಿಳಿದ ಮೇಲೆಯೇ ಪೆಟ್ಟಿಗೆಯನ್ನು ತಿದ್ದಲು ಸಾಧ್ಯ. ನಮ್ಮ ಸೆಟ್ಟಿನ ಗುರಿ ಸ್ಪಷ್ಟ: ಕಟ್ಟಿದ ಪಾರ್ಸೆಲು 5 ಲೀಟರ್ ಮೀರಬಾರದು. ಪೆಟ್ಟಿಗೆ ತಯಾರಕರಿಗೆ ಒಳ ಅಳತೆಯನ್ನು ಹೇಳುವ ಬದಲು, ಮುಚ್ಚಿದ ಮೇಲೆ ಹೊರ ಅಳತೆ 24 × 18 × 11 ಇರಬೇಕೆಂದು ಹೇಳಿದರೆ, ಮೂರು ಪದರದ ರಟ್ಟಿನಲ್ಲಿ ಒಳಗೆ 23.4 × 17.4 × 9.8 ಸಿಗುತ್ತದೆ. 22 × 16 × 9ರ ಪ್ರದರ್ಶನ ಪೆಟ್ಟಿಗೆಗೆ ಅಕ್ಕಪಕ್ಕ 7 ಮಿಲಿಮೀಟರ್, ಮೇಲೆ ಕೆಳಗೆ 4 ಮಿಲಿಮೀಟರ್ ಉಳಿಯುತ್ತದೆ. ಮರದ ಆಟಿಕೆ ಗಾಜಿನಂತೆ ಒಡೆಯುವುದಿಲ್ಲ. ಒಂದಕ್ಕೊಂದು ಉಜ್ಜಿ ಅರಗಿನ ಹೊಳಪು ಕೆಡದಂತೆ ಒಳಗಿನ ಪಾತ್ರೆಗಳನ್ನು ತೆಳುಕಾಗದದಲ್ಲಿ ಸುತ್ತಿದರೆ, ಹೊರಗೆ ತೆಳುವಾದ ಒಂದು ಸುತ್ತು ಬಬಲ್ ಹಾಳೆ ಸಾಕು. ಗಾಜು, ಪಿಂಗಾಣಿ, ಮಣ್ಣಿನ ವಸ್ತುಗಳಿಗೆ ಈ ಉಪಾಯ ಸಲ್ಲದು. ಅವಕ್ಕೆ ಸುತ್ತಲೂ ಸಾಕಷ್ಟು ಮೆತ್ತೆ ಬೇಕೇ ಬೇಕು, ಆ ಜಾಗದ ಹಣವನ್ನು ಬೆಲೆಯಲ್ಲಿ ಸೇರಿಸಿಕೊಳ್ಳುವುದೇ ಸರಿ.

ಹೊಸ ಪೆಟ್ಟಿಗೆಯ ಗಾತ್ರತೂಕ 0.95 ಕಿಲೊ, ತಕ್ಕಡಿಯ ತೂಕ 720 ಗ್ರಾಮಿನ ಆಸುಪಾಸು, ಬಿಲ್ 1 ಕಿಲೊಗೆ. ಪಾರ್ಸೆಲಿಗೆ ತೆರಿಗೆ ಸೇರಿ 44.84 ರೂಪಾಯಿ ಉಳಿಯಿತು. ಆದರೆ ಇಲ್ಲಿರುವ ಅಂತರ ತೀರಾ ಕಿರಿದು. ಮೇಲ್ಭಾಗ ಉಬ್ಬಿ ಎತ್ತರ 12 ಆದರೆ 24 × 18 × 12, ಎಂದರೆ 1.037 ಕಿಲೊ, ಮತ್ತೆ ಒಂದೂವರೆ ಕಿಲೊದ ಬಿಲ್ಲು. ಕಟ್ಟುವವರಿಗೆ ಒಂದು ಮಾತು ಹೇಳಿಟ್ಟರೆ ಸಾಕು: ಮಡಿಕೆಗಳು ಒತ್ತದೆಯೇ ಮಟ್ಟಸವಾಗಿ ಕೂರಬೇಕು, ಕೂರದಿದ್ದರೆ ಬಬಲ್ ಹಾಳೆಯನ್ನು ಒಂದು ಸುತ್ತು ಕಡಿಮೆ ಮಾಡಬೇಕು.

5000 ಎಂಬ ಭಾಜಕವೂ ಎಲ್ಲೆಡೆ ಒಂದೇ ಅಲ್ಲ. ಕೆಲವು ಸೇವೆಗಳು 4000 ಅಥವಾ 4500ರಿಂದ ಭಾಗಿಸುತ್ತವೆ. 4000 ಆದರೆ ನಾವು ಕಷ್ಟಪಟ್ಟು ತಿದ್ದಿದ ಪೆಟ್ಟಿಗೆಯೂ 1.188 ಕಿಲೊ ಆಗಿ ಗಡಿ ದಾಟುತ್ತದೆ. ದರಪಟ್ಟಿಯಲ್ಲಿ ಐದು ರೂಪಾಯಿ ಅಗ್ಗವಾಗಿ ಕಾಣುವ ಸೇವೆ ಹಗುರ ವಸ್ತುಗಳಿಗೆ ದುಬಾರಿಯಾಗುವುದು ಹೀಗೆ. ಆದ್ದರಿಂದ ಸೇವೆಗಳನ್ನು ಹೋಲಿಸುವಾಗ ದರದ ಜೊತೆಗೆ ಭಾಜಕ, ಸ್ಲ್ಯಾಬು, ಅಳತೆಯನ್ನು ಏರಿಸುವ ನಿಯಮ ಈ ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು. ಎಕ್ಸೆಲ್ ಅಥವಾ ಗೂಗಲ್ ಶೀಟಿನಲ್ಲಿ A2ರಲ್ಲಿ ಕಿಲೊ ತೂಕ, B2, C2, D2ಗಳಲ್ಲಿ ಸೆಂಟಿಮೀಟರ್ ಅಳತೆ ಬರೆದರೆ, ಬಿಲ್ ಆಗುವ ತೂಕವನ್ನು ಈ ಸೂತ್ರ ಹೇಳುತ್ತದೆ:

```
=CEILING(MAX(A2, ROUNDUP(B2,0)*ROUNDUP(C2,0)*ROUNDUP(D2,0)/5000), 0.5)
```

ಭಾಜಕ ಬೇರೆಯಿದ್ದರೆ 5000ದ ಜಾಗದಲ್ಲಿ ಅದನ್ನು ಬರೆಯಬೇಕು, ಸ್ಲ್ಯಾಬು ಬೇರೆಯಿದ್ದರೆ ಕೊನೆಯ 0.5ನ್ನು ಬದಲಿಸಬೇಕು.

ಅನುಮಾನ ಬಂದಾಗಲೆಲ್ಲ ಅಳತೆಯನ್ನು ದೊಡ್ಡದಾಗಿಯೇ ಬರೆದರಾಯಿತು ಎಂದು ಕೆಲವರು ಯೋಚಿಸುತ್ತಾರೆ. ಆದರೆ ಹಲವೆಡೆ ನಾವು ಹೆಚ್ಚಾಗಿ ನಮೂದಿಸಿದರೆ ಆ ನಮೂದಿನ ಮೇಲೆಯೇ ಬಿಲ್ ಆಗುತ್ತದೆ; ಯಂತ್ರ ಕಡಿಮೆ ತೋರಿಸಿತೆಂದು ಹಣ ಹಿಂದಿರುಗುವುದಿಲ್ಲ. ಪೂರ್ಣ ಸೆಂಟಿಮೀಟರಿಗೆ ಏರಿಸುವುದಷ್ಟೇ ಸಾಕು, ಅದರಾಚೆಗಿನ ಧಾರಾಳ ಬೇಡ.

ಒಂದೇ ಆರ್ಡರಿನಲ್ಲಿ ಎರಡು ಸೆಟ್ಟು ಬಂದಾಗ ಇನ್ನೊಂದು ತೊಡಕು ಎದುರಾಗುತ್ತದೆ. ತಂತ್ರಾಂಶವು ತೂಕವನ್ನು ಎರಡು ಪಟ್ಟು ಮಾಡಿಕೊಂಡರೂ ಅಳತೆಯನ್ನು ಒಂದೇ ಪೆಟ್ಟಿಗೆಯದಾಗಿ ಉಳಿಸಿಕೊಳ್ಳಬಹುದು. ಎರಡನ್ನೂ ಒಂದರ ಮೇಲೊಂದು ಇಟ್ಟು ಕಟ್ಟಿದ ಪೆಟ್ಟಿಗೆ 24 × 18 × 20 ಆಗಿ ಗಾತ್ರತೂಕ 1.728 ಕಿಲೊ ಬರುತ್ತದೆ. ಪ್ಯಾನೆಲ್ಲಿನಲ್ಲಿ ಮಾತ್ರ ಎತ್ತರ 11 ಎಂದೇ ಉಳಿದಿರುತ್ತದೆ. ಒಂದಕ್ಕಿಂತ ಹೆಚ್ಚು ವಸ್ತುಗಳಿರುವ ಆರ್ಡರುಗಳನ್ನು ತಾನಾಗಿ ಬುಕ್ ಆಗಲು ಬಿಡದೆ, ಕಟ್ಟಿದ ಮೇಲೆ ಅಳೆದು ಕೈಯಾರೆ ತಿದ್ದುವುದೊಂದೇ ಭರವಸೆಯ ದಾರಿ.

ಇಷ್ಟಾದ ಮೇಲೂ ಯಂತ್ರ ತಪ್ಪಬಹುದು. ಪ್ಯಾನೆಲ್ಲಿನ ತೂಕವ್ಯತ್ಯಾಸದ ಪುಟದಲ್ಲಿ ಅವರು ಅಳೆದ ಅಂಕೆಗಳೂ, ಎಷ್ಟೋ ವೇಳೆ ಫೋಟೊವೂ ಇರುತ್ತದೆ. ಅವರ ಎತ್ತರ ನಿಮ್ಮದಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚಿದ್ದರೆ ಅದು ಉಬ್ಬು, ತಿದ್ದಿಕೊಳ್ಳಬೇಕಾದವರು ನಾವು. ಎರಡೂ ಅಳತೆಗಳು ಒಂದೇ ಸ್ಲ್ಯಾಬಿನೊಳಗೆ ಬೀಳುತ್ತಿದ್ದರೆ ಆಕ್ಷೇಪ ಎತ್ತಿ ಸಮಯ ಕಳೆಯುವುದರಲ್ಲಿ ಅರ್ಥವಿಲ್ಲ. ಆದರೆ ಒಂದು ಬದಿ ಮಾತ್ರ ಇದ್ದಕ್ಕಿದ್ದಂತೆ ಎರಡು ಪಟ್ಟಾಗಿದ್ದರೆ, ಬೆಲ್ಟಿನ ಮೇಲೆ ಎರಡು ಪಾರ್ಸೆಲುಗಳು ತಾಗಿಕೊಂಡು ಸಾಗಿರುವ ಸಾಧ್ಯತೆ ಹೆಚ್ಚು. ಅದೇ ಪೆಟ್ಟಿಗೆಯ ಹತ್ತು ಪಾರ್ಸೆಲುಗಳಲ್ಲಿ ಒಂಬತ್ತು 0.95 ಎಂದೂ ಒಂದು 1.9 ಎಂದೂ ಬಂದಿದ್ದರೆ, ಆ ಒಂದಕ್ಕೆ ಆಕ್ಷೇಪ ಸಲ್ಲಿಸಲೇಬೇಕು. ಆಕ್ಷೇಪಕ್ಕೆ ಕೆಲವೇ ದಿನಗಳ ಗಡುವು ಇರುತ್ತದೆ, ಅದು ಮುಗಿದರೆ ಅವರ ಅಳತೆಗೆ ನಾವು ಒಪ್ಪಿದಂತೆಯೇ. ಆದ್ದರಿಂದ ಆ ಪುಟವನ್ನು ತಿಂಗಳ ಕೊನೆಗಲ್ಲ, ಎರಡು ಮೂರು ದಿನಗಳಿಗೊಮ್ಮೆ ತೆರೆದು ನೋಡಬೇಕು.

ಆಕ್ಷೇಪ ನಿಲ್ಲುವುದು ಫೋಟೊಗಳ ಮೇಲೆ. ಪಾರ್ಸೆಲು ತಕ್ಕಡಿಯ ಮೇಲಿದ್ದು ಅಂಕೆ ಕಾಣುವ ಒಂದು ಫೋಟೊ, ಟೇಪನ್ನು ಸೊನ್ನೆಯಿಂದ ತುದಿಯವರೆಗೆ ಹಿಡಿದು ಮೂರು ಬದಿಗಳನ್ನು ಅಳೆದ ಮೂರು ಫೋಟೊ, ನಾಲ್ಕರಲ್ಲೂ ಪಾರ್ಸೆಲನ್ನು ಗುರುತಿಸುವ, ಲೇಬಲ್ಲಿನ ಮೇಲಿನ ಎಡಬ್ಲ್ಯುಬಿ ಸಂಖ್ಯೆ ಓದುವಂತಿರಬೇಕು. ಲೇಬಲ್ ಅಂಟಿಸುವ ಮೊದಲೇ ತೆಗೆದ ಫೋಟೊ ಯಾವ ಪಾರ್ಸೆಲಿನದೆಂದು ಹೇಳಲು ಬರುವುದಿಲ್ಲವಾದ್ದರಿಂದ ಅದನ್ನು ತಿರಸ್ಕರಿಸುತ್ತಾರೆ. ದಿನವೂ ಒಂದೇ ಪೆಟ್ಟಿಗೆಯಲ್ಲಿ ಒಂದೇ ವಸ್ತು ಕಳುಹಿಸುವವರಿಗೆ ಕೆಲವು ಕೊರಿಯರ್ ವೇದಿಕೆಗಳಲ್ಲಿ ವೇಟ್ ಫ್ರೀಜ್ ಎಂಬ ಸೌಲಭ್ಯವಿದೆ: ವಸ್ತುವಿನ ಸಂಕೇತಸಂಖ್ಯೆಯ ಜೊತೆಗೆ ಈ ಬಗೆಯ ಫೋಟೊಗಳನ್ನು ಒಮ್ಮೆ ಸಲ್ಲಿಸಿ ಅಳತೆಗೆ ಒಪ್ಪಿಗೆ ಪಡೆದರೆ, ಮುಂದೆ ಪ್ರತಿ ಪಾರ್ಸೆಲಿಗೂ ವಾದಿಸುವ ಕೆಲಸ ಇರುವುದಿಲ್ಲ. ಪೆಟ್ಟಿಗೆ ಬದಲಾದ ದಿನ ಆ ಒಪ್ಪಿಗೆಯನ್ನೂ ಹೊಸದಾಗಿ ಪಡೆಯಬೇಕು.